ಸುಮೇಧ ಬಿಟ್ಟುಕೊಟ್ಟದ್ದೇನು? ಅರ್ಹಂತ ಮತ್ತು ಬೋಧಿಸತ್ವ ಆದರ್ಶಗಳ ನಿಜವಾದ ವ್ಯತ್ಯಾಸ

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ನೋಟ್ಸ್‌ನಲ್ಲಿ ‘ಥೇರವಾದದ ಅರ್ಹಂತ ತನ್ನೊಬ್ಬನ ಮುಕ್ತಿ ನೋಡಿಕೊಳ್ಳುತ್ತಾನೆ, ಮಹಾಯಾನದ ಬೋಧಿಸತ್ವ ಎಲ್ಲರಿಗಾಗಿ ತನ್ನ ನಿರ್ವಾಣ ಮುಂದೂಡುತ್ತಾನೆ’ ಅಂತ ಎರಡೇ ಸಾಲು ಇದೆ. ಹಾಗಾದರೆ ಥೇರವಾದದವರ ಜಾತಕ ಕಥೆಗಳಲ್ಲೂ ಬೋಧಿಸತ್ವ ಯಾಕೆ ಬರುತ್ತಾನೆ? ನಮ್ಮ ಬ್ರಹ್ಮಗಿರಿಯ ಅಶೋಕನ ಶಾಸನ ಇದರಲ್ಲಿ ಯಾವ ಕಡೆಗೆ ಸೇರುತ್ತದೆ?

ಉತ್ತರ: ಜಾತಕದ ಬಗ್ಗೆ ನಿಮಗೆ ಬಂದ ಅನುಮಾನವೇ ಆ ಎರಡು ಸಾಲಿನ ದೋಷವನ್ನು ತೋರಿಸುತ್ತದೆ. ಅರ್ಹಂತ ಎಂದರೆ ಆಸೆ, ದ್ವೇಷ, ಅವಿದ್ಯೆಯಂಥ ಕ್ಲೇಶಗಳನ್ನು ಪೂರ್ತಿ ಕಳೆದುಕೊಂಡು ಮುಕ್ತನಾದವನು, ಬೋಧಿಸತ್ವ ಎಂದರೆ ಬುದ್ಧನಾಗುವ ಸಂಕಲ್ಪ ಮಾಡಿ ಆ ದಾರಿಯಲ್ಲಿ ಇರುವವನು. ಬೋಧಿಸತ್ವ ಎರಡೂ ಕಡೆ ಇದ್ದಾನೆ, ಅರ್ಹಂತನೂ ಎರಡೂ ಕಡೆ ಇದ್ದಾನೆ. ವ್ಯತ್ಯಾಸ ಇರುವುದು ಬೋಧಿಸತ್ವನ ದಾರಿ ಯಾರಿಗಾಗಿ ಎಂಬುದರಲ್ಲಿ, ಮತ್ತು ಅರ್ಹಂತನ ಬಿಡುಗಡೆಯೇ ಕೊನೆಯ ನಿಲ್ದಾಣವೋ ಅಲ್ಲವೋ ಎಂಬುದರಲ್ಲಿ. ಸ್ವಾರ್ಥ, ಪರೋಪಕಾರ ಎಂಬ ಅಳತೆಗೋಲನ್ನು ಮೊದಲು ಬದಿಗಿಟ್ಟು, ಥೇರವಾದದ ಗ್ರಂಥಗಳೇ ಹೇಳುವ ಒಂದು ಪ್ರಸಂಗವನ್ನು ನಿಧಾನವಾಗಿ ನೋಡೋಣ. ಅದು ಸುಮೇಧನ ಪ್ರಸಂಗ. ಪಾಲಿಯ ಬುದ್ಧವಂಸದಲ್ಲೂ ಜಾತಕಗಳಿಗೆ ಪೀಠಿಕೆಯಾಗಿರುವ ನಿದಾನಕಥೆಯಲ್ಲೂ ಇದು ಬರುತ್ತದೆ.

ಸುಮೇಧ ಅಮರಾವತಿ ಎಂಬ ನಗರದ ಸಿರಿವಂತ ಬ್ರಾಹ್ಮಣ. ಆಸ್ತಿಯನ್ನೆಲ್ಲ ದಾನ ಮಾಡಿ ಹಿಮಾಲಯದ ಕಡೆ ಹೋಗಿ ತಾಪಸನಾಗುತ್ತಾನೆ. ಧ್ಯಾನ ಸಿದ್ಧಿಸುತ್ತದೆ, ಆಕಾಶದಲ್ಲಿ ಸಂಚರಿಸುವಂಥ ಶಕ್ತಿಗಳೂ ಬರುತ್ತವೆ. ಒಂದು ದಿನ ರಮ್ಮ ನಗರದ ಜನ ದೀಪಂಕರ ಬುದ್ಧ ಬರುತ್ತಾನೆಂದು ದಾರಿ ಸರಿಮಾಡುತ್ತಿರುವುದನ್ನು ನೋಡುತ್ತಾನೆ. ತನಗೂ ಒಂದು ತುಂಡು ದಾರಿ ಕೊಡಿ ಎನ್ನುತ್ತಾನೆ. ಋದ್ಧಿಬಲ ಉಳ್ಳವನೆಂದು ಅವರು ನೀರು ನಿಂತು ಕೆಟ್ಟಿದ್ದ ಜಾಗವನ್ನೇ ಕೊಡುತ್ತಾರೆ. ಶಕ್ತಿಯಿಂದ ಕ್ಷಣದಲ್ಲಿ ಮುಗಿಸಬಹುದಿತ್ತು, ಆದರೆ ಕೈಯಾರೆ ಮಣ್ಣು ಹೊತ್ತು ಹಾಕುತ್ತಾನೆ. ಕೆಲಸ ಮುಗಿಯುವ ಮೊದಲೇ ದೀಪಂಕರ ಭಿಕ್ಷುಗಳೊಂದಿಗೆ ಬಂದುಬಿಡುತ್ತಾನೆ. ಸುಮೇಧ ಜಟೆ ಬಿಚ್ಚಿ ಹರಡಿ, ಕೆಸರಿನ ಮೇಲೆ ಬೋರಲು ಮಲಗುತ್ತಾನೆ. ಬುದ್ಧನೂ ಸಂಘವೂ ತನ್ನ ಮೈಮೇಲೆ ನಡೆದುಹೋಗಲಿ ಎಂಬುದು ಅವನ ಇಂಗಿತ.

ಮಲಗಿದ್ದಲ್ಲೇ ಅವನಿಗೆ ಒಂದು ಯೋಚನೆ ಬರುತ್ತದೆ. ‘ಇಚ್ಛಿಸಿದರೆ ನನ್ನ ಕ್ಲೇಶಗಳನ್ನೆಲ್ಲ ಇಂದೇ ಸುಟ್ಟುಹಾಕಬಲ್ಲೆ.’ ಅಂದರೆ ಅಲ್ಲೇ, ದೀಪಂಕರನ ಉಪದೇಶ ಕೇಳಿ, ಅರ್ಹಂತನಾಗಬಲ್ಲೆ. ಮುಂದಿನ ಸಾಲು ಹೀಗಿದೆ: ‘ಕಿಂ ಮೇ ಏಕೇನ ತಿಣ್ಣೇನ ಪುರಿಸೇನ ಥಾಮದಸ್ಸಿನಾ, ಸಬ್ಬಞ್ಞುತಂ ಪಾಪುಣಿತ್ವಾ ಸಂತಾರೆಸ್ಸಂ ಸದೇವಕಂ.’ ತನ್ನ ಬಲ ತಿಳಿದ ಗಂಡಸು ತಾನೊಬ್ಬನೇ ದಾಟಿದರೆ ಏನು ಬಂತು, ಸರ್ವಜ್ಞತೆ ಪಡೆದು ದೇವತೆಗಳ ಸಮೇತ ಈ ಲೋಕವನ್ನು ದಾಟಿಸುತ್ತೇನೆ ಎಂದು ಅರ್ಥ. ದೀಪಂಕರ ಅವನ ಬಳಿ ನಿಂತು, ಈತ ಮುಂದೆ ಗೌತಮ ಎಂಬ ಬುದ್ಧನಾಗುತ್ತಾನೆ ಎಂದು ನುಡಿಯುತ್ತಾನೆ.

ಈ ಸಾಲನ್ನು ಮಹಾಯಾನದ ಸೂತ್ರವೊಂದರಲ್ಲಿ ಓದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆದರೆ ಇದು ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ಗಳ ಥೇರವಾದಿಗಳು ಶತಮಾನಗಳಿಂದ ಪಠಿಸಿಕೊಂಡು ಬಂದ ಪಾಲಿ ಗ್ರಂಥ. ನಿಮ್ಮ ಜಾತಕದ ಪ್ರಶ್ನೆಗೆ ಉತ್ತರ ಇಲ್ಲಿದೆ: ಜಾತಕಗಳ ಬೋಧಿಸತ್ವ ಅಂದರೆ ಇದೇ ಸುಮೇಧ, ಆ ಕೆಸರಿನಿಂದ ಹಿಡಿದು ಗಯೆಯ ಬೋಧಿವೃಕ್ಷದವರೆಗಿನ ಅವನ ಜನ್ಮಗಳು.

ಅವನು ಬಿಟ್ಟುಕೊಟ್ಟದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಈ ಆಯ್ಕೆಯ ತೂಕ ತಿಳಿಯುತ್ತದೆ. ಅಂದೇ ಸಿಗುತ್ತಿದ್ದ ಬಿಡುಗಡೆಯ ಬದಲು ಅವನು ಹಿಡಿದ ದಾರಿ ನಾಲ್ಕು ಅಸಂಖ್ಯೇಯ ಮತ್ತು ಒಂದು ಲಕ್ಷ ಕಲ್ಪಗಳದ್ದು. ಕಲ್ಪ ಎಷ್ಟು ದೀರ್ಘ ಎಂದು ಬುದ್ಧನನ್ನೇ ಕೇಳಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಒಂದು ಯೋಜನ ಉದ್ದ, ಅಗಲ, ಎತ್ತರದ ಬಂಡೆಯನ್ನು ನೂರು ವರ್ಷಕ್ಕೊಮ್ಮೆ ಕಾಶಿಯ ಬಟ್ಟೆಯಿಂದ ಒಮ್ಮೆ ಒರೆಸಿದರೆ, ಬಂಡೆ ಸವೆದು ಹೋದರೂ ಕಲ್ಪ ಮುಗಿದಿರುವುದಿಲ್ಲ ಎಂದು ಅಲ್ಲಿ ಉತ್ತರ. ಅಂಥ ಕಲ್ಪಗಳ ಎಣಿಸಲಾಗದ ರಾಶಿಗೆ ಒಂದು ಅಸಂಖ್ಯೇಯ ಎನ್ನುತ್ತಾರೆ. ಇಷ್ಟು ಕಾಲವೂ ಅವನು ತುಂಬಿಕೊಳ್ಳಬೇಕಾದದ್ದು ಹತ್ತು ಪಾರಮಿಗಳನ್ನು, ಅಂದರೆ ಪರಿಪೂರ್ಣತೆ ಮುಟ್ಟಿಸಬೇಕಾದ ಗುಣಗಳನ್ನು: ದಾನ, ಶೀಲ, ನೈಷ್ಕ್ರಮ್ಯ, ಪ್ರಜ್ಞೆ, ವೀರ್ಯ, ಕ್ಷಾಂತಿ, ಸತ್ಯ, ಅಧಿಷ್ಠಾನ, ಮೈತ್ರಿ, ಉಪೇಕ್ಷೆ. ಒಂದೊಂದಕ್ಕೂ ಮೂರು ಮಟ್ಟ. ದಾನವನ್ನೇ ತೆಗೆದುಕೊಂಡರೆ, ತನ್ನ ವಸ್ತುಗಳನ್ನು ಕೊಡುವುದು ಮೊದಲ ಮಟ್ಟ, ದೇಹದ ಅಂಗ ಕೊಡುವುದು ಎರಡನೆಯದು, ಪ್ರಾಣವನ್ನೇ ಕೊಡುವುದು ಮೂರನೆಯದು.

ಥೇರವಾದ ಇಲ್ಲಿ ಒಂದು ಬಿಗಿಯಾದ ಬಾಗಿಲನ್ನು ಇಟ್ಟಿದೆ. ಬುದ್ಧನಾಗಬೇಕೆಂಬ ಸಂಕಲ್ಪ ಫಲಿಸಬೇಕಾದರೆ ಎಂಟು ಷರತ್ತು ಒಟ್ಟಿಗೆ ಕೂಡಿರಬೇಕು: ಮನುಷ್ಯ ಜನ್ಮ, ಪುರುಷ ದೇಹ, ಅದೇ ಜನ್ಮದಲ್ಲಿ ಅರ್ಹಂತನಾಗುವ ಯೋಗ್ಯತೆ, ಜೀವಂತ ಬುದ್ಧನೊಬ್ಬನ ಎದುರಿಗಿರುವುದು, ಮನೆ ಬಿಟ್ಟು ಸಂನ್ಯಾಸಿಯಾಗುವ ಪ್ರವ್ರಜ್ಯೆ, ಧ್ಯಾನಸಿದ್ಧಿ, ಪ್ರಾಣ ಕೊಡಲೂ ಸಿದ್ಧವಿರುವ ಸೇವೆ, ಮತ್ತು ಅಡಗಿಸಲಾಗದ ಹಂಬಲ. ಮೂರನೆಯದನ್ನು ಗಮನಿಸಿ. ಅರ್ಹಂತನಾಗಲು ಆಗದವನು ಬುದ್ಧನಾಗುತ್ತೇನೆ ಎನ್ನುವಂತಿಲ್ಲ. ಕೈಗೆ ಬಂದದ್ದನ್ನು ಬಿಟ್ಟವನಷ್ಟೇ ಬೋಧಿಸತ್ವ. ಎರಡನೆಯ ಷರತ್ತನ್ನು ಇಂದಿನ ಓದುಗರು ಪ್ರಶ್ನಿಸುತ್ತಾರೆ, ಪ್ರಶ್ನಿಸಬೇಕಾದದ್ದೇ. ಆದರೆ ಅದೇ ಥೇರವಾದದಲ್ಲಿ ಹೆಣ್ಣು ಅರ್ಹಂತಳಾಗಲು ಯಾವ ಅಡ್ಡಿಯೂ ಇಲ್ಲ. ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆಯ ಕಿಸಾಗೋತಮಿ, ಪಟಾಚಾರಾ ಮುಂತಾದವರೆಲ್ಲ ಅರ್ಹಂತರೇ.

ಹೀಗೆ ಬಾಗಿಲು ಕಿರಿದಾಗಿರುವುದರಿಂದ ಥೇರವಾದದಲ್ಲಿ ಬೋಧಿಸತ್ವ ಮಾರ್ಗ ಅಪರೂಪದ ಒಬ್ಬಿಬ್ಬರದ್ದು. ಉಳಿದ ಎಲ್ಲರಿಗೂ, ಅಂದರೆ ಬುದ್ಧನೊಬ್ಬ ಹುಡುಕಿಕೊಟ್ಟ ದಾರಿಯಲ್ಲಿ ನಡೆಯುವವರಿಗೆ, ಗುರಿ ಅರ್ಹಂತ ಪದವಿ. ಬುದ್ಧನಿಗೂ ಅರ್ಹಂತನಿಗೂ ಬಿಡುಗಡೆಯಲ್ಲಿ ಭೇದವಿಲ್ಲ. ಮುಚ್ಚಿಹೋಗಿದ್ದ ದಾರಿಯನ್ನು ಕಂಡುಹಿಡಿದು ತೋರಿಸುವವನು ಬುದ್ಧ, ಅದರಲ್ಲಿ ಹಿಂಬಾಲಿಸಿ ಬರುವವರು ಶಿಷ್ಯರು ಎಂದು ಸಂಯುತ್ತ ನಿಕಾಯ ಸ್ಪಷ್ಟವಾಗಿ ಹೇಳುತ್ತದೆ.

ಅರ್ಹಂತನಾಗುವುದು ಎಂದರೆ ಏನಾಗಬೇಕು ಎಂಬುದಕ್ಕೂ ಖಚಿತ ಅಳತೆ ಇದೆ, ಅದು ಹತ್ತು ಬಂಧನಗಳು ಕಡಿಯುವುದು. ಮೊದಲ ಮೂರು, ಅಂದರೆ ಇದು ‘ನಾನು’ ಎಂಬ ದೃಷ್ಟಿ, ಮಾರ್ಗದ ಬಗ್ಗೆ ಅನುಮಾನ, ವ್ರತ ಆಚರಣೆಗಳೇ ಮುಕ್ತಿ ಕೊಡುತ್ತವೆಂಬ ಹಟ ಕಡಿದರೆ ಸ್ರೋತಾಪನ್ನ. ಅವನಿಗೆ ಇನ್ನು ಹೆಚ್ಚೆಂದರೆ ಏಳು ಜನ್ಮ. ಕಾಮರಾಗ ಮತ್ತು ದ್ವೇಷ ತೆಳುವಾದರೆ ಸಕೃದಾಗಾಮಿ, ಪೂರ್ತಿ ಕಡಿದರೆ ಅನಾಗಾಮಿ. ಕೊನೆಯ ಐದು, ಅಂದರೆ ರೂಪಲೋಕದ ಮತ್ತು ಅರೂಪಲೋಕದ ಆಸೆ, ‘ನಾನು ಹೆಚ್ಚು, ಕಡಿಮೆ, ಸಮ’ ಎಂಬ ಅಳತೆ, ಚಂಚಲತೆ, ಅವಿದ್ಯೆ ಹೋದಾಗ ಅರ್ಹಂತ. ‘ನಾನು’ ಎಂಬ ದೃಷ್ಟಿ ಮೊದಲ ಹೆಜ್ಜೆಯಲ್ಲೇ ಹೋಗುತ್ತದೆ, ‘ನಾನು’ ಎಂಬ ಅಳತೆ ಕೊನೆಯವರೆಗೂ ಅಂಟಿಕೊಂಡಿರುತ್ತದೆ. ನೋಟ್ಸ್‌ನ ‘ತನ್ನೊಬ್ಬನ ಮುಕ್ತಿ’ ಎಂಬ ಮಾತು ಇಲ್ಲೇ ಕುಸಿಯುತ್ತದೆ. ಸ್ವಾರ್ಥ ಹುಟ್ಟಲು ಬೇಕಾದ ಬೇರೇ ಉಳಿದಿಲ್ಲದವನನ್ನು ಸ್ವಾರ್ಥಿ ಎನ್ನುವುದು ಆ ಪದವಿಯ ಲಕ್ಷಣಕ್ಕೇ ವಿರುದ್ಧ.

ಅರ್ಹಂತರು ಲೋಕಕ್ಕಾಗಿ ಏನು ಮಾಡಿದರು ಎಂಬುದಕ್ಕೆ ವಿನಯಪಿಟಕದ ಮಹಾವಗ್ಗದಲ್ಲೇ ಸಾಕ್ಷಿ ಇದೆ. ಬುದ್ಧನ ಮೊದಲ ಅರವತ್ತು ಶಿಷ್ಯರು ಅರ್ಹಂತರಾದ ಕೂಡಲೇ ಅವನು ಅವರಿಗೆ ಕೊಟ್ಟ ಅಪ್ಪಣೆ ‘ಚರಥ ಭಿಕ್ಖವೇ ಚಾರಿಕಂ ಬಹುಜನಹಿತಾಯ ಬಹುಜನಸುಖಾಯ’ ಎಂಬುದು. ನಾವೆಲ್ಲ ಸಭೆಗಳಲ್ಲಿ ಕೇಳುವ ‘ಬಹುಜನ ಹಿತಾಯ ಬಹುಜನ ಸುಖಾಯ’ ಹುಟ್ಟಿದ್ದು ಅರ್ಹಂತರನ್ನು ಊರೂರಿಗೆ ಕಳಿಸುವಾಗ. ಅದರ ಬೆನ್ನಿಗೇ ಇಬ್ಬರು ಒಂದೇ ದಾರಿಯಲ್ಲಿ ಹೋಗಬೇಡಿ ಎಂದೂ ಹೇಳುತ್ತಾನೆ, ಹೆಚ್ಚು ಊರು ಮುಟ್ಟಲಿ ಎಂದು.

ಅರ್ಹಂತನಿಗೆ ಮಿತಿಯೂ ಇದೆ, ಅದನ್ನು ಥೇರವಾದ ಮುಚ್ಚಿಡುವುದಿಲ್ಲ. ಮಿಲಿಂದಪಞ್ಹದಲ್ಲಿ ನಾಗಸೇನ ಹೇಳುವ ಪ್ರಕಾರ, ಅರ್ಹಂತನಿಗೆ ಎದುರಿನ ಹೆಂಗಸು ಗಂಡಸಿನ ಹೆಸರು, ಗೋತ್ರ ತಿಳಿಯದಿರಬಹುದು, ಹೋಗಬೇಕಾದ ದಾರಿಯೂ ಗೊತ್ತಿಲ್ಲದಿರಬಹುದು. ಅವನಿಗೆ ಖಚಿತವಾಗಿ ಗೊತ್ತಿರುವುದು ವಿಮುಕ್ತಿ. ಎಲ್ಲವನ್ನೂ ಬಲ್ಲ ಸರ್ವಜ್ಞತೆ ಬುದ್ಧನೊಬ್ಬನದು. ಸುಮೇಧ ಬಯಸಿದ್ದು ಆ ಸರ್ವಜ್ಞತೆಯನ್ನು ಎಂಬುದನ್ನು ನೆನಪಿಟ್ಟುಕೊಳ್ಳಿ. ಅರ್ಹಂತನ ಈ ಮಿತಿಗಳು ಎಷ್ಟು ಎಂಬ ಚರ್ಚೆ ಮಹಾಯಾನ ಸೂತ್ರಗಳು ಹುಟ್ಟುವ ಮೊದಲೇ ಸಂಘದೊಳಗೆ ನಡೆದಿತ್ತು, ಥೇರವಾದದ ಕಥಾವತ್ಥುವಿನಲ್ಲಿ ಅದರ ವಾದ ಪ್ರತಿವಾದಗಳು ದಾಖಲಾಗಿವೆ. ಆಮೇಲೆ ಮಹಾಯಾನ ಎತ್ತಿಕೊಂಡದ್ದು ಇದೇ ಎಳೆಯನ್ನು.

ಮಹಾಯಾನ ಮಾಡಿದ ಮುಖ್ಯ ಬದಲಾವಣೆ ಸುಮೇಧನ ಆಯ್ಕೆಯನ್ನು ಎಲ್ಲರ ಮುಂದೆ ಇಟ್ಟದ್ದು. ಎದುರಿಗೆ ಜೀವಂತ ಬುದ್ಧ ಇರಲೇಬೇಕೆಂದಿಲ್ಲ, ಸಂನ್ಯಾಸಿಯೇ ಆಗಬೇಕೆಂದಿಲ್ಲ, ಗಂಡಸೇ ಆಗಬೇಕೆಂದಿಲ್ಲ. ಬೇಕಾದದ್ದು ಬೋಧಿಚಿತ್ತ, ಅಂದರೆ ಸಕಲ ಜೀವಿಗಳ ದುಃಖ ಕಳೆಯಲು ನಾನು ಬುದ್ಧನಾಗಬೇಕು ಎಂಬ ಸಂಕಲ್ಪ. ಅಲ್ಲಿಂದ ದಾನ, ಶೀಲ, ಕ್ಷಾಂತಿ, ವೀರ್ಯ, ಧ್ಯಾನ, ಪ್ರಜ್ಞೆ ಎಂಬ ಆರು ಪಾರಮಿತೆ, ಭೂಮಿ ಎಂದು ಕರೆಯುವ ಹತ್ತು ಮೆಟ್ಟಿಲು, ಒಟ್ಟು ಮೂರು ಅಸಂಖ್ಯೇಯ ಕಲ್ಪ ಎಂಬುದು ಹೆಚ್ಚು ಪ್ರಚಲಿತ ಲೆಕ್ಕ. ಮೊದಲ ಭೂಮಿ ಮುಟ್ಟಲು ಒಂದು ಅಸಂಖ್ಯೇಯ, ಅಲ್ಲಿಂದ ಏಳನೆಯದರ ಕೊನೆಗೆ ಇನ್ನೊಂದು, ಎಂಟರಿಂದ ಹತ್ತಕ್ಕೆ ಮತ್ತೊಂದು.

‘ನಿರ್ವಾಣ ಮುಂದೂಡುತ್ತಾನೆ’ ಎಂಬ ಮಾತು ಅರ್ಧ ಮಾತ್ರ ನಿಜ. ಬುದ್ಧತ್ವ ಬೇಗ ಸಿಕ್ಕಷ್ಟೂ ಜೀವಿಗಳಿಗೆ ಒಳ್ಳೆಯದು ಎಂಬುದೇ ಬೋಧಿಸತ್ವನ ತರ್ಕ. ಬುದ್ಧನಾಗುವುದನ್ನು ತಡಮಾಡು ಎಂಬುದು ಮಹಾಯಾನದ ಸಾಮಾನ್ಯ ಉಪದೇಶವಲ್ಲ. ಟಿಬೆಟಿನ ಗುರುಗಳು ಬೋಧಿಚಿತ್ತದಲ್ಲಿ ಮೂರು ಬಗೆ ಹೇಳುತ್ತಾರೆ. ಮೊದಲು ತಾನು ಬುದ್ಧನಾಗಿ ಆಮೇಲೆ ಉಳಿದವರನ್ನು ದಾಟಿಸುವುದು ರಾಜನ ಬಗೆ, ಎಲ್ಲರ ಜೊತೆಗೇ ದಾಟುವುದು ದೋಣಿಯವನ ಬಗೆ, ಕುರಿಗಳೆಲ್ಲ ದೊಡ್ಡಿ ಸೇರಿದ ಮೇಲೆ ತಾನು ಸೇರುವುದು ಕುರುಬನ ಬಗೆ. ಮುಂದೂಡುವುದು ಮೂರನೆಯದರಲ್ಲಿ ಮಾತ್ರ, ಅದೂ ಮನಸ್ಸಿನ ಧೈರ್ಯದ ಅಳತೆಯಾಗಿ. ಬೋಧಿಸತ್ವ ನಿಜವಾಗಿ ಬೇಡವೆನ್ನುವುದು ಸಂಸಾರದಿಂದ ಪೂರ್ತಿ ಕಣ್ಮರೆಯಾಗುವ ನಿರ್ವಾಣವನ್ನು. ಅವನ ಗುರಿಗೆ ಅಪ್ರತಿಷ್ಠಿತ ನಿರ್ವಾಣ ಎಂದು ಹೆಸರು. ಅದರಲ್ಲಿ ಸಂಸಾರದ ಕ್ಲೇಶಕ್ಕೂ ಸಿಕ್ಕುವುದಿಲ್ಲ, ಶಾಂತಿಯಲ್ಲೂ ನಿಂತುಬಿಡುವುದಿಲ್ಲ. ಪರೀಕ್ಷೆಯಲ್ಲಿ ‘ಮುಂದೂಡುತ್ತಾನೆ’ ಎಂದು ಬರೆಯುವ ಬದಲು ಈ ಪದ ಬಳಸಿ, ಅದು ಖಚಿತವಾದ ಪದ.

ಈ ದಾರಿಯಲ್ಲಿ ಏನು ಕೆಡಬಹುದು ಎಂಬುದನ್ನು ಮಹಾಯಾನದ ಅತಿ ಹಳೆಯ ಸೂತ್ರಗಳಲ್ಲೊಂದಾದ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ ಬಹಳ ಕಾಳಜಿಯಿಂದ ಚರ್ಚಿಸುತ್ತದೆ. ಅರ್ಹಂತನೂ ಬೋಧಿಸತ್ವನೂ ಧ್ಯಾನಿಸುವುದು ಶೂನ್ಯತೆಯನ್ನೇ, ಅಂದರೆ ಯಾವುದಕ್ಕೂ ಸ್ವಂತ ಸ್ವಭಾವವಿಲ್ಲ ಎಂಬುದನ್ನು. ಕರುಣೆ ಮತ್ತು ಉಪಾಯಕೌಶಲ್ಯ, ಅಂದರೆ ಜೀವಿಗಳಿಗೆ ತಕ್ಕ ದಾರಿ ಹೂಡುವ ಜಾಣ್ಮೆ, ಬಲವಾಗಿಲ್ಲದೆ ಬೋಧಿಸತ್ವ ಅದರಲ್ಲಿ ಆಳಕ್ಕಿಳಿದರೆ, ತನಗೆ ಅರಿವಿಲ್ಲದೆ ಕ್ಲೇಶಗಳು ನಂದಿ ಅರ್ಹಂತ ಪದವಿಯಲ್ಲಿ ಇಳಿದುಬಿಡುತ್ತಾನೆ. ಸೂತ್ರ ಇದಕ್ಕೆ ಒಂದು ಹಕ್ಕಿಯ ಉದಾಹರಣೆ ಕೊಡುತ್ತದೆ. ದೊಡ್ಡ ಮೈಯ ಹಕ್ಕಿ, ಆದರೆ ರೆಕ್ಕೆ ಬೆಳೆದಿಲ್ಲ. ಮೇಲಿನ ದೇವಲೋಕದಿಂದ ಭೂಮಿಗೆ ಹಾರಿದ ಮೇಲೆ, ನಡುವೆ ವಾಪಸ್ ಹೋಗುತ್ತೇನೆ ಎಂದರೂ ಆಗುವುದಿಲ್ಲ, ಪೆಟ್ಟಿಲ್ಲದೆ ಇಳಿಯುತ್ತೇನೆ ಎಂದರೂ ಆಗುವುದಿಲ್ಲ. ಎಷ್ಟು ಕಲ್ಪಗಳ ದಾನ ಶೀಲ ಇದ್ದರೂ ಪ್ರಜ್ಞೆ ಮತ್ತು ಉಪಾಯ ಎರಡೂ ಇಲ್ಲದವನ ಗತಿ ಇದು. ಅರ್ಹಂತನಾಗುವುದನ್ನು ಮಹಾಯಾನ ‘ಬೀಳುವುದು’ ಎಂದು ಕರೆಯುವುದು ಬೋಧಿಸತ್ವ ಪ್ರತಿಜ್ಞೆ ಮಾಡಿದವನ ದೃಷ್ಟಿಯಿಂದ ಮಾತ್ರ, ಅವನು ಜೀವಿಗಳಿಗೆ ಕೊಟ್ಟ ಮಾತು ತಪ್ಪುತ್ತದಲ್ಲ, ಅದಕ್ಕೆ.

ಇದೇ ತೊಡಕು ಕನ್ನಡಿಯಲ್ಲಿ ಕಂಡಂತೆ ಥೇರವಾದದಲ್ಲೂ ಇದೆ. ಬುದ್ಧನಾಗುವ ಸಂಕಲ್ಪ ಮಾಡಿದವನು ಸ್ರೋತಾಪನ್ನನಾದರೆ ಏಳು ಜನ್ಮದಲ್ಲಿ ಆಟ ಮುಗಿಯುತ್ತದೆ, ಪಾರಮಿ ತುಂಬಲು ಕಾಲವೇ ಇರುವುದಿಲ್ಲ. ಆದ್ದರಿಂದ ಬೋಧಿಸತ್ವ ವಿಪಶ್ಯನೆಯಲ್ಲಿ ಮಾರ್ಗಜ್ಞಾನದ ಹೊಸ್ತಿಲವರೆಗೆ ಹೋಗಿ ಅಲ್ಲೇ ನಿಲ್ಲುತ್ತಾನೆ ಎಂದು ಪಾಲಿ ವ್ಯಾಖ್ಯಾನಗಳಾದ ಅಟ್ಠಕಥೆಗಳು ಹೇಳುತ್ತವೆ. ಎರಡೂ ಪರಂಪರೆಗಳು ಒಂದು ವಿಷಯದಲ್ಲಿ ಹೀಗೆ ಒಪ್ಪುತ್ತವೆ: ಈ ಎರಡು ದಾರಿ ಒಂದು ಹಂತದಲ್ಲಿ ಕವಲೊಡೆಯುತ್ತವೆ, ಏನನ್ನು ಬಯಸಿ ಧ್ಯಾನಕ್ಕೆ ಕೂತೆ ಎಂಬುದು ಎಲ್ಲಿ ಹೋಗಿ ಮುಟ್ಟುತ್ತೇನೆ ಎಂಬುದನ್ನು ತೀರ್ಮಾನಿಸುತ್ತದೆ.

ಹಾಗಾದರೆ ಅರ್ಹಂತನಾದವನ ಕಥೆ ಅಲ್ಲಿಗೆ ಮುಗಿಯಿತೇ? ನಿಜವಾದ ಸಿದ್ಧಾಂತಭೇದ ಇರುವುದು ಈ ಪ್ರಶ್ನೆಯಲ್ಲಿ. ಥೇರವಾದ ಮುಗಿಯಿತು ಎನ್ನುತ್ತದೆ, ‘ಮಾಡಬೇಕಾದದ್ದನ್ನು ಮಾಡಿಯಾಯಿತು’ ಎಂಬುದು ಅರ್ಹಂತನ ಘೋಷಣೆಯೇ. ಸದ್ಧರ್ಮಪುಂಡರೀಕ ಸೂತ್ರ ಇಲ್ಲ ಎನ್ನುತ್ತದೆ. ಅಲ್ಲಿ ಬರುವ ಮಾಯಾನಗರದ ದೃಷ್ಟಾಂತದಲ್ಲಿ, ದೂರದ ರತ್ನದ್ವೀಪಕ್ಕೆ ಹೊರಟ ಪ್ರಯಾಣಿಕರು ದಣಿದು ಹಿಂದಿರುಗುತ್ತೇವೆ ಎಂದಾಗ ದಾರಿ ಬಲ್ಲವನು ನಡುವೆ ಒಂದು ನಗರವನ್ನು ನಿರ್ಮಿಸಿ ತೋರಿಸುತ್ತಾನೆ. ಅವರು ದಣಿವಾರಿಸಿಕೊಂಡ ಮೇಲೆ ಅದನ್ನು ಮಾಯ ಮಾಡಿ, ಗುರಿ ಇನ್ನೂ ಮುಂದಿದೆ, ನಡೆಯಿರಿ ಎನ್ನುತ್ತಾನೆ. ಅರ್ಹಂತನ ನಿರ್ವಾಣ ಆ ನಗರ. ಅದೇ ಸೂತ್ರದಲ್ಲಿ ಅರ್ಹಂತರಲ್ಲಿ ಪ್ರಜ್ಞೆಗೆ ಹೆಸರಾದ ಶಾರಿಪುತ್ರನಿಗೇ ನೀನು ಮುಂದೆ ಪದ್ಮಪ್ರಭ ಎಂಬ ಬುದ್ಧನಾಗುತ್ತೀಯ ಎಂಬ ಭವಿಷ್ಯವಾಣಿ ಸಿಗುತ್ತದೆ. ಈ ಮಾತು ಕೇಳಲು ಎಲ್ಲರೂ ತಯಾರಿರಲಿಲ್ಲ. ಐದು ಸಾವಿರ ಜನ ಸಭೆಯಿಂದ ಎದ್ದು ಹೋದರು ಎಂದು ಸೂತ್ರವೇ ಬರೆದುಕೊಂಡಿದೆ. ಆ ಕಾಲದ ವಾಗ್ವಾದ ಎಷ್ಟು ಕಾವೇರಿತ್ತು ಎಂಬುದರ ಕುರುಹು ಅದು.

ಆದರೆ ಮಹಾಯಾನದವರೆಲ್ಲ ಇದನ್ನು ಒಪ್ಪುತ್ತಾರೆ ಎಂದು ಬರೆಯಬೇಡಿ. ಸಂಧಿನಿರ್ಮೋಚನ ಸೂತ್ರವನ್ನು ಆಧರಿಸಿದ, ಮಹಾಯಾನದ ಒಂದು ಶಾಖೆಯಾದ ಯೋಗಾಚಾರದವರಲ್ಲಿ ಹಲವರು, ಕೆಲವರ ಗೋತ್ರವೇ, ಅಂದರೆ ಸಹಜ ಯೋಗ್ಯತೆಯೇ, ಅರ್ಹಂತರಾಗುವ ಶಿಷ್ಯರದು, ಅದು ಶ್ರಾವಕ ಗೋತ್ರ, ಅವರು ಅರ್ಹಂತರಾಗಿ ಅಲ್ಲೇ ನಿಲ್ಲುತ್ತಾರೆ ಎಂದು ವಾದಿಸಿದರು. ಇನ್ನು ಅರ್ಹಂತನ ಪ್ರಜ್ಞೆಯ ಬಗ್ಗೆ ಚಂದ್ರಕೀರ್ತಿ, ದಶಭೂಮಿಕ ಸೂತ್ರವನ್ನು ಅನುಸರಿಸಿ, ಒಂದು ಅಚ್ಚರಿಯ ಮಾತು ಹೇಳುತ್ತಾನೆ. ಮೊದಲ ಭೂಮಿಯ ಬೋಧಿಸತ್ವ ಪುಣ್ಯಬಲದಿಂದ ಶ್ರಾವಕರನ್ನು ಮೀರುತ್ತಾನೆ, ಪ್ರಜ್ಞೆಯಿಂದ ಮೀರುವುದು ಏಳನೆಯ ಭೂಮಿಯಲ್ಲಿ. ಅಂದರೆ ಆರನೆಯ ಭೂಮಿಯವರೆಗೂ, ಒಂದು ಅಸಂಖ್ಯೇಯಕ್ಕಿಂತ ಹೆಚ್ಚು ಸಾಧನೆ ಮಾಡಿದ ಮೇಲೂ, ಬೋಧಿಸತ್ವನ ಪ್ರಜ್ಞೆ ಅರ್ಹಂತನದಕ್ಕಿಂತ ಮೇಲು ಎನ್ನುವಂತಿಲ್ಲ. ಇದು ಮಹಾಯಾನದ ಆಚಾರ್ಯನ ಮಾತು.

ಈ ಸಿದ್ಧಾಂತ ಮಠದಲ್ಲಿ ಹೇಗೆ ಬದುಕುತ್ತದೆ ಎಂದು ನೋಡಲು ದಾವಣಗೆರೆಯಿಂದ ಬಹಳ ದೂರ ಹೋಗಬೇಕಿಲ್ಲ. ಹಾವೇರಿ ದಾಟಿ ಮುಂಡಗೋಡಿಗೆ ಹೋದರೆ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಅಲ್ಲಿನ ಭಿಕ್ಷು ಪಾಲಿಸುವುದು ಮೂಲಸರ್ವಾಸ್ತಿವಾದ ಎಂಬ ಹಳೆಯ ಪಂಥದ ವಿನಯ, ಅಂದರೆ ಭಿಕ್ಷುಗಳ ನಿಯಮಾವಳಿ. ಅದರಲ್ಲಿ 253 ನಿಯಮ. ಥೇರವಾದಿ ಭಿಕ್ಷುವಿನದು 227. ಸಂಖ್ಯೆ ಬೇರೆಯಾದರೂ ಎರಡೂ ಹಳೆಯ ಪಂಥಗಳ ವಿನಯಗಳೇ. ‘ಮಹಾಯಾನ ವಿನಯ’ ಎಂಬ ಪ್ರತ್ಯೇಕ ಭಿಕ್ಷುದೀಕ್ಷೆ ಭಾರತದಲ್ಲಿ ಇರಲಿಲ್ಲ. 7ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದಿದ್ದ ಚೀನೀ ಯಾತ್ರಿಕ ಇತ್ಸಿಂಗ್, ಎರಡೂ ಕಡೆಯವರ ವಿನಯ ಒಂದೇ, ಬೋಧಿಸತ್ವರನ್ನು ಪೂಜಿಸಿ ಮಹಾಯಾನ ಸೂತ್ರ ಓದುವವರನ್ನು ಮಹಾಯಾನಿಗಳು ಎನ್ನುತ್ತಾರೆ ಎಂದು ಬರೆದಿದ್ದಾನೆ. ಮುಂಡಗೋಡಿನ ಭಿಕ್ಷು ಆ ವಿನಯದ ಮೇಲೆ ಬೋಧಿಸತ್ವ ಸಂವರವನ್ನು, ಅಂದರೆ ಬೋಧಿಸತ್ವನ ವ್ರತವನ್ನು, ತೊಡುತ್ತಾನೆ. ಭಿಕ್ಷುವ್ರತ ಸಾವಿನೊಂದಿಗೆ ಮುಗಿಯುತ್ತದೆ, ಬೋಧಿಸತ್ವ ಸಂವರ ಜನ್ಮಜನ್ಮಕ್ಕೂ ಜೊತೆಗೆ ಬರುತ್ತದೆ.

ಆ ಸಂವರದಲ್ಲಿ ಹದಿನೆಂಟು ಮೂಲ ಆಪತ್ತಿಗಳಿವೆ, ಅಂದರೆ ವ್ರತವನ್ನೇ ಮುರಿಯಬಲ್ಲ ದೊಡ್ಡ ತಪ್ಪುಗಳು. ಅವುಗಳಲ್ಲಿ ಒಂದು, ಶ್ರಾವಕಯಾನದಿಂದ ರಾಗಾದಿ ಕ್ಲೇಶಗಳು ಹೋಗುವುದಿಲ್ಲ ಎಂದು ಹೇಳುವುದು. ನೋಟ್ಸ್‌ನ ಆ ಎರಡು ಸಾಲಿನ ಧಾಟಿಯಲ್ಲಿ ಅರ್ಹಂತ ಮಾರ್ಗವನ್ನು ಹೀಗಳೆದರೆ ಮಹಾಯಾನಿಯ ವ್ರತಕ್ಕೇ ಧಕ್ಕೆ. ವ್ರತ ಪೂರ್ತಿ ಮುರಿಯಿತೇ ಎಂದು ತಿಳಿಯಲು ನಾಲ್ಕು ಗುರುತು ನೋಡುತ್ತಾರೆ: ಮಾಡಿದ್ದು ತಪ್ಪೆಂದು ಅನ್ನಿಸದಿರುವುದು, ಮತ್ತೆ ಮಾಡುವ ಮನಸ್ಸು ಉಳಿದಿರುವುದು, ಮಾಡಿದ್ದಕ್ಕೆ ಖುಷಿ ಪಡುವುದು, ಲಜ್ಜೆ ಇಲ್ಲದಿರುವುದು. ನಾಲ್ಕೂ ಕೂಡಿದರೆ ವ್ರತ ಹೋಯಿತು, ಯಾವುದಾದರೂ ಇಲ್ಲದಿದ್ದರೆ ದೋಷ ಹಗುರ. ಎರಡಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಮಿಥ್ಯಾದೃಷ್ಟಿ ಹಿಡಿದರೆ, ಅಥವಾ ಒಬ್ಬನೇ ಒಬ್ಬ ಜೀವಿಯನ್ನಾದರೂ ‘ಇವನಿಗೆ ನಾನು ಏನೂ ಮಾಡುವುದಿಲ್ಲ’ ಎಂದು ಬೋಧಿಚಿತ್ತ ಬಿಟ್ಟರೆ, ಆ ಕ್ಷಣಕ್ಕೇ ವ್ರತಭಂಗ. ಅರ್ಹಂತನಾಗಲು ಹೊರಟವನಿಗೆ ಈ ಷರತ್ತು ಇಲ್ಲ. ಅವನೂ ಎಲ್ಲ ದಿಕ್ಕಿಗೂ ಮೈತ್ರಿ ಭಾವಿಸುತ್ತಾನೆ, ಆದರೆ ಎಲ್ಲರನ್ನೂ ದಾಟಿಸುವ ಹೊಣೆಯನ್ನು ಪ್ರತಿಜ್ಞೆಯಾಗಿ ಹೊತ್ತಿರುವುದಿಲ್ಲ. ಎರಡು ಆದರ್ಶಗಳ ನಡುವಿನ ವ್ಯತ್ಯಾಸ ನಿತ್ಯದ ಬದುಕಿನಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಅತ್ತ ಥೇರವಾದದ ನಾಡಿನಲ್ಲಿ ಬೋಧಿಸತ್ವ ಆದರ್ಶ ಪುಸ್ತಕದಲ್ಲೇ ಉಳಿದಿರಲಿಲ್ಲ. 10ನೇ ಶತಮಾನದಲ್ಲಿ ಶ್ರೀಲಂಕೆಯ ನಾಲ್ಕನೇ ಮಹಿಂದನ ಶಾಸನ, ಬೋಧಿಸತ್ವರಲ್ಲದವರು ಲಂಕೆಯ ರಾಜರಾಗುವುದಿಲ್ಲ ಎಂದು ಸಾರುತ್ತದೆ. ನಮ್ಮ ಕಡೆಯ ಅನೇಕ ಮನೆಗಳಿಗೆ ಬುದ್ಧ ಬಂದದ್ದು ಬಾಬಾಸಾಹೇಬರ ಮೂಲಕ. ಅಲ್ಲಿಯೂ ಎರಡೂ ಧಾರೆ ಕೂಡಿವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ದೀಕ್ಷೆ ಪಡೆದದ್ದು ಥೇರವಾದಿ ಭಿಕ್ಷು ಚಂದ್ರಮಣಿಯವರಿಂದ. ಅಂದು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತೆಗಳನ್ನು ಪಾಲಿಸುತ್ತೇನೆ ಎಂಬುದೂ ಒಂದು. ಅದೇ ಬಾಬಾಸಾಹೇಬರು ಬುದ್ಧ ಮತ್ತು ಅವನ ಧಮ್ಮದ ಬಗ್ಗೆ ಬರೆದ ಗ್ರಂಥದಲ್ಲಿ, ಬೋಧಿಸತ್ವ ಬುದ್ಧನಾಗುವ ಹಂತಗಳನ್ನು ವಿವರಿಸುವಾಗ ಮುದಿತಾ, ವಿಮಲಾ ಎಂದು ಶುರುವಾಗುವ ಹತ್ತು ಭೂಮಿಗಳನ್ನು ಕೊಟ್ಟಿದ್ದಾರೆ, ಅದು ಮಹಾಯಾನದ ಪಟ್ಟಿ.

ಇನ್ನು ಬ್ರಹ್ಮಗಿರಿ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಮೂರೂ ಶಾಸನಗಳನ್ನು ಬೆಳಕಿಗೆ ತಂದವರು ಬಿ.ಎಲ್. ರೈಸ್. ಸುವರ್ಣಗಿರಿಯಿಂದ ರಾಜಕುಮಾರನಾದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ಕಳಿಸಿದ ಒಕ್ಕಣೆ ಅದು. ಅದರಲ್ಲಿ ಅಶೋಕ, ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚು ಪ್ರಯತ್ನ ಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಪ್ರಯತ್ನಿಸಿದ್ದೇನೆ ಎನ್ನುತ್ತಾನೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಪ್ರಯತ್ನದಿಂದ ವಿಪುಲವಾದ ಸ್ವರ್ಗ ಸಾಧ್ಯ ಎಂಬುದು ಅದರ ತಿರುಳು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಮಾತೂ ಇದೆ. ಕೊನೆಗೆ ಬರೆದವನು ಚಪಡ ಎಂದು ಬ್ರಾಹ್ಮಿಯಲ್ಲಿ, ‘ಲಿಪಿಕರ’ ಎಂಬ ಪದ ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ.

ಇಡೀ ಶಾಸನದಲ್ಲಿ ಅರ್ಹಂತ ಇಲ್ಲ, ಬೋಧಿಸತ್ವ ಇಲ್ಲ, ನಿರ್ವಾಣವೂ ಇಲ್ಲ. ಗೃಹಸ್ಥರಿಗೆ ಹೇಳಿದ ಮಾತಾದ್ದರಿಂದ ಗುರಿ ಸ್ವರ್ಗ. ಕಾಲದ ದೃಷ್ಟಿಯಿಂದಲೂ ಅದನ್ನು ಮಹಾಯಾನ ಎನ್ನಲಾಗದು, ಕ್ರಿ.ಪೂ. 3ನೇ ಶತಮಾನದ ಅಶೋಕನಿಗೂ ಮೊದಲ ಮಹಾಯಾನ ಸೂತ್ರಗಳಿಗೂ ನಡುವೆ ಸುಮಾರು ಇನ್ನೂರು ವರ್ಷದ ಅಂತರವಿದೆ. ಇಂದಿನ ಅರ್ಥದಲ್ಲಿ ಥೇರವಾದ ಎಂದು ಹಣೆಪಟ್ಟಿ ಹಚ್ಚಲೂ ಶಾಸನದೊಳಗೆ ಆಧಾರವಿಲ್ಲ. ಬೋಧಿಸತ್ವ ಕಲ್ಪನೆಗೆ ಹತ್ತಿರದ ಅಶೋಕನ ಸುಳಿವು ಬೇಕಿದ್ದರೆ ನೇಪಾಳದ ನಿಗಾಲಿ ಸಾಗರದ ಸ್ತಂಭವನ್ನು ಉದಾಹರಿಸಿ. ಕನಕಮುನಿ ಎಂಬ ಹಿಂದಿನ ಬುದ್ಧನ ಸ್ತೂಪವನ್ನು ಅವನು ದೊಡ್ಡದು ಮಾಡಿಸಿದ್ದು ಅಲ್ಲಿ ದಾಖಲಾಗಿದೆ. ಹಿಂದೆ ಬುದ್ಧರಿದ್ದರು ಎಂಬ ನಂಬಿಕೆ ಇದ್ದಲ್ಲಿ, ಅವರು ಬುದ್ಧರಾದದ್ದು ಹೇಗೆ, ಮುಂದೆ ಯಾರು ಆಗಬಹುದು ಎಂಬ ಪ್ರಶ್ನೆ ಹುಟ್ಟುತ್ತದೆ. ಸುಮೇಧನ ಕಥೆಯೂ ಮಹಾಯಾನದ ಬೋಧಿಚಿತ್ತವೂ ಬೆಳೆದದ್ದು ಆ ಪ್ರಶ್ನೆಯಿಂದ. ಬ್ರಹ್ಮಗಿರಿಯನ್ನು ಉತ್ತರದಲ್ಲಿ ಬಳಸುವುದಾದರೆ, ಈ ಕವಲು ಒಡೆಯುವ ಮೊದಲು ಬೌದ್ಧ ಉಪಾಸಕನೊಬ್ಬ ಗೃಹಸ್ಥರಿಗೆ ಏನು ಹೇಳುತ್ತಿದ್ದ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿ, ಎರಡು ಪಂಥಗಳ ಕೋಷ್ಟಕದ ಯಾವ ಕಾಲಂಗೂ ಹಾಕಬೇಡಿ.